ಆಫೀಸಿಗೆ ಹೊರಟ ಬಾಣಂತಿಯ ಕುರ್ತಾ

ಬೆಳಿಗ್ಗೆ ಹನ್ನೊಂದು ಗಂಟೆ. ಮೂರನೇ ಮಹಡಿಯ ಮೂಲೆಯ ಪುಟ್ಟ ಮೀಟಿಂಗ್ ರೂಮಿಗೆ ಒಳಗಿನಿಂದ ಚಿಲಕ ಬಿದ್ದಿದೆ. ಬಾಗಿಲಿನ ಗಾಜಿಗೆ ಯಾರೋ ಹಳೇ ಕ್ಯಾಲೆಂಡರಿನ ಹಾಳೆ ಅಂಟಿಸಿದ್ದಾರೆ. ಒಳಗಿರುವಾಕೆ ಹೆರಿಗೆ ರಜೆ ಮುಗಿಸಿ ಈ ವಾರವಷ್ಟೇ ಕೆಲಸಕ್ಕೆ ಬಂದಿದ್ದಾಳೆ. ಮೊದಲ ವಾರವೆಂದು ಬೀರುವಿನಿಂದ ಒಳ್ಳೆಯ ಕುರ್ತಾವನ್ನೇ ತೆಗೆದು ಹಾಕಿಕೊಂಡಿದ್ದಾಳೆ: ಮೊಣಕಾಲಿನ ಕೆಳಗೆ ಇಳಿಯುವ ಉದ್ದ, ಮುಚ್ಚಿದ ಕತ್ತು, ಬೆನ್ನಿಗೆ ಜಿಪ್. ಈಗ ಅದರ ಅಂಚನ್ನು ಸೊಂಟದಿಂದ ಮೇಲಕ್ಕೆ ಸುತ್ತಿ ಗದ್ದದ ಕೆಳಗೆ ಒತ್ತಿ ಹಿಡಿದಿದ್ದಾಳೆ. ಒಂದು ಕೈಯಲ್ಲಿ ಪಂಪಿನ ಬಾಟಲಿ, ಇನ್ನೊಂದು ಕೈಯಲ್ಲಿ ಜಾರುತ್ತಿರುವ ಬಟ್ಟೆ. ಏಸಿಯ ಗಾಳಿ ನೇರ ಹೊಟ್ಟೆಗೆ ಹೊಡೆಯುತ್ತಿದೆ. ಹೊರಗೆ ಯಾರೋ ಬಾಗಿಲು ತಟ್ಟುತ್ತಾರೆ.

ಇಂಥ ಹೆಂಗಸರಿಗಾಗಿಯೇ ಎಂದು ಈಗ ಅಂಗಡಿಗಳಲ್ಲಿ, ಮೊಬೈಲಿನಲ್ಲಿ ‘ಫೀಡಿಂಗ್ ಕುರ್ತಾ’ ಎಂಬ ಹೆಸರಿನಲ್ಲಿ ಸಾಲುಸಾಲು ಉಡುಪು ಸಿಗುತ್ತದೆ. ನೋಡಲು ಸಾಮಾನ್ಯ ಕುರ್ತಾದಂತೆಯೇ ಇರುತ್ತದೆ, ಎದೆಯ ಬಳಿ ಎಲ್ಲೋ ಒಂದು ಗುಟ್ಟಿನ ಓಪನಿಂಗ್ ಇರುತ್ತದೆ. ಆ ಗುಟ್ಟು ಎಲ್ಲಿದೆ, ಎಷ್ಟು ಉದ್ದವಿದೆ, ಯಾವ ಕೆಲಸಕ್ಕೆ ಒದಗುತ್ತದೆ ಎಂದು ಕೊಳ್ಳುವ ಮುಂಚೆ ಕೇಳುವವರು ಕಡಿಮೆ. ಆಫೀಸಿಗೆ ಹೋಗುವವಳ ಮಟ್ಟಿಗೆ ಕೇಳಬೇಕಾದದ್ದು ಇಷ್ಟನ್ನೇ.

ಸೀರೆಗೆ ಈ ಚಿಂತೆ ಇರಲಿಲ್ಲ

ಸೀರೆ ಉಡುವ ತಾಯಿಗೆ ಹಾಲೂಡಿಸಲು ಬೇರೆ ಉಡುಪೇ ಬೇಕಿರಲಿಲ್ಲ. ರವಿಕೆಗೆ ಮುಂದೆಯೇ ಹುಕ್ಕು. ಕೆಳಗಿನ ಎರಡು ಮೂರು ಹುಕ್ಕು ಬಿಚ್ಚಿದರೆ ಸಾಕು, ಮೇಲಿನವು ಹಾಗೇ ಇರುತ್ತವೆ, ಸೆರಗು ಮಗುವನ್ನೂ ಎದೆಯನ್ನೂ ಒಟ್ಟಿಗೆ ಮುಚ್ಚುತ್ತದೆ. ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಹೊಲದ ಬದುವಿನಲ್ಲಿ ಎಲ್ಲಿಯೂ ಇದೇ ಏರ್ಪಾಡು. ಇವತ್ತಿಗೂ ಸೀರೆಯುಟ್ಟು ಶಾಲೆಗೆ, ಬ್ಯಾಂಕಿಗೆ ಹೋಗುವ ತಾಯಂದಿರಿಗೆ ಹೊಸದಾಗಿ ಕಲಿಯುವಂಥದ್ದು ಏನೂ ಇಲ್ಲ, ಹಿಂದೆ ಹುಕ್ಕಿರುವ ಫ್ಯಾಷನ್ ರವಿಕೆಯನ್ನು ಒಂದು ವರ್ಷ ಬೀರುವಿನಲ್ಲೇ ಇಟ್ಟರಾಯಿತು.

ಕಷ್ಟ ಬಂದದ್ದು ಕುರ್ತಾದಿಂದ. ಅದು ತಲೆಯ ಮೇಲಿನಿಂದ ಹಾಕುವ ಉಡುಪು. ಕತ್ತಿನಿಂದ ಅಂಚಿನವರೆಗೆ ಒಂದೇ ಬಟ್ಟೆ, ಉದ್ದ 44 ಇಂಚಿನ ಆಸುಪಾಸು. ಎದೆಯವರೆಗೆ ಎತ್ತಬೇಕಾದರೆ ಎರಡೂ ಬದಿಯ ಸ್ಲಿಟ್‌ನಿಂದ ಮೇಲಕ್ಕೆ ಇಡೀ ಬಟ್ಟೆಯನ್ನು ಸುತ್ತಬೇಕು, ಹೊಟ್ಟೆ ಬೆನ್ನು ಎರಡೂ ಬಯಲಾಗುತ್ತವೆ. ಮನೆಯಲ್ಲಿ ಇದಕ್ಕೆ ನಮ್ಮವರು ಎಂದೋ ಪರಿಹಾರ ಕಂಡುಕೊಂಡರು. ಹೆರಿಗೆ ಆಸ್ಪತ್ರೆಗಳ ಎದುರಿನ ಅಂಗಡಿಗಳಲ್ಲಿ ನೇತುಹಾಕಿರುವ ಫೀಡಿಂಗ್ ನೈಟಿ ಅದೇ: ಎದೆಯ ಎಡಬಲಕ್ಕೆ ಒಂದೊಂದು ಉದ್ದ ಜಿಪ್ ಇರುವ ಹತ್ತಿಯ ನೈಟಿ. ಇಂದಿನ ಬಹುಪಾಲು ಫೀಡಿಂಗ್ ಕುರ್ತಾಗಳು ಆ ನೈಟಿಯ ಮಕ್ಕಳೇ. ಜಿಪ್ಪನ್ನು ಹೊಲಿಗೆಯ ಸಾಲಿನಲ್ಲಿ ಅಡಗಿಸಿದ್ದಾರೆ, ಬಟ್ಟೆ ಬದಲಿಸಿದ್ದಾರೆ, ಅಷ್ಟೇ. ತೊಡಕು ಶುರುವಾಗುವುದೂ ಅಲ್ಲಿಂದಲೇ, ಏಕೆಂದರೆ ನೈಟಿಯನ್ನು ಯೋಚಿಸಿ ಹೊಲಿದದ್ದು ಮಡಿಲಲ್ಲಿ ಮಗು ಇರುವಾಕೆಗೆ.

ಆಫೀಸಿನಲ್ಲಿ ಮಗು ಇರುವುದಿಲ್ಲ

ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿ ಸಂಬಳಸಹಿತ ರಜೆಯನ್ನು ಮೊದಲ ಎರಡು ಮಕ್ಕಳಿಗೆ 26 ವಾರಕ್ಕೆ ಏರಿಸಿತು. ಇದರಲ್ಲಿ 8 ವಾರದವರೆಗೆ ಹೆರಿಗೆಗೆ ಮುಂಚೆಯೇ ತೆಗೆದುಕೊಳ್ಳಬಹುದು. ಹಾಗೆ ತೆಗೆದುಕೊಂಡವಳು ಕೆಲಸಕ್ಕೆ ಮರಳುವಾಗ ಮಗುವಿಗೆ 18 ವಾರ, ಅಂದರೆ ನಾಲ್ಕು ತಿಂಗಳು ತುಂಬಿ ಸ್ವಲ್ಪ ದಿನ. ಕೊನೆಯ ಗಳಿಗೆಯವರೆಗೂ ಕೆಲಸ ಮಾಡಿದವಳಿಗೂ ಹೆಚ್ಚೆಂದರೆ ಆರು ತಿಂಗಳ ಮಗು. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ಬೇರೇನೂ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾಗಾಗಿ ಎದೆಯಲ್ಲಿ ಹಾಲು ತುಂಬು ಪ್ರಮಾಣದಲ್ಲಿರುವ ಕಾಲದಲ್ಲೇ ಆಫೀಸಿನ ಮೊದಲ ದಿನ ಬರುತ್ತದೆ.

ಕೆಂಗೇರಿಯಲ್ಲಿ ಮನೆ, ಎಂ.ಜಿ. ರಸ್ತೆಯ ಬಳಿ ಕೆಲಸ ಇರುವ ಒಬ್ಬ ಬ್ಯಾಂಕ್ ಉದ್ಯೋಗಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಎಂಟಕ್ಕೆ ಮಗುವಿಗೆ ಹಾಲು ಕೊಟ್ಟು ಎಂಟೂಕಾಲಿಗೆ ಮೆಟ್ರೊ ಹಿಡಿಯಲು ಹೊರಡುತ್ತಾಳೆ. ಸಂಜೆ ಮನೆ ಸೇರುವಾಗ ಪೌಣೇ ಏಳು. ನಡುವೆ ಹತ್ತೂವರೆ ಗಂಟೆ. ಮಗು ಮೂರು ಗಂಟೆಗೊಮ್ಮೆ ಕುಡಿಯುತ್ತಿತ್ತು ಎಂದರೆ ಎದೆಯೂ ಅದೇ ಲೆಕ್ಕದಲ್ಲಿ ತುಂಬುತ್ತದೆ. ಹನ್ನೊಂದಕ್ಕೊಮ್ಮೆ, ಎರಡಕ್ಕೊಮ್ಮೆ, ಸಂಜೆ ಐದರ ಹೊತ್ತಿಗೊಮ್ಮೆ ಹಾಲು ತೆಗೆಯದಿದ್ದರೆ ಎದೆ ಕಲ್ಲಾಗುತ್ತದೆ, ಸೋರುತ್ತದೆ, ಕೆಲವು ದಿನ ಹಾಗೇ ಬಿಟ್ಟರೆ ಹಾಲು ತಾನೇ ಇಳಿಮುಖವಾಗುತ್ತದೆ. ಒಮ್ಮೆ ಹಾಲು ತೆಗೆಯಲು ಪಂಪಿಗೆ ಹದಿನೈದು ಇಪ್ಪತ್ತು ನಿಮಿಷ ಹಿಡಿಯುತ್ತದೆ.

1961ರ ಮೂಲ ಕಾಯ್ದೆಯಲ್ಲೇ, ಮಗುವಿಗೆ 15 ತಿಂಗಳು ತುಂಬುವವರೆಗೆ, ಮಾಮೂಲು ಬಿಡುವಿನ ಜೊತೆಗೆ ದಿನಕ್ಕೆ ಎರಡು ಹಾಲೂಡಿಸುವ ಬಿಡುವು ಕೊಡಬೇಕೆಂದಿತ್ತು. 50 ಅಥವಾ ಹೆಚ್ಚು ಉದ್ಯೋಗಿಗಳಿರುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದು ಎಂಬುದನ್ನು 2017ರ ತಿದ್ದುಪಡಿ ಸೇರಿಸಿತು. 2020ರ ಸಾಮಾಜಿಕ ಭದ್ರತಾ ಸಂಹಿತೆ ಈ ಎರಡನ್ನೂ ಉಳಿಸಿಕೊಂಡಿದೆ. ಕಟ್ಟಡದಲ್ಲೇ ಶಿಶುಪಾಲನಾ ಕೇಂದ್ರವಿದ್ದು, ಮಗುವನ್ನು ಅಲ್ಲಿಗೆ ಕರೆತರುವ ಅದೃಷ್ಟವಂತೆಯರಿಗೆ ನೈಟಿಯ ಮಾದರಿಯ ಕುರ್ತಾ ಚೆನ್ನಾಗಿಯೇ ಒದಗುತ್ತದೆ. ಮಗು ಅಜ್ಜಿಯ ಬಳಿ ಮನೆಯಲ್ಲಿದ್ದರೆ, ಆ ಕಿರುಬಿಡುವಿನಲ್ಲಿ ಕುರ್ತಾದೊಳಗೆ ಹೋಗಬೇಕಾದದ್ದು ಮಗುವಿನ ಬಾಯಲ್ಲ, ಪ್ಲಾಸ್ಟಿಕ್ಕಿನ ಆಲಿಕೆ.

ಜಿಪ್ಪಿನೊಳಗೆ ಆಲಿಕೆ

ಮಗುವಿನ ಬಾಯಿ ಚಿಕ್ಕದು, ಮೆತ್ತಗಿನದು, ಬಟ್ಟೆಯ ನಡುವೆ ದಾರಿ ಮಾಡಿಕೊಳ್ಳುತ್ತದೆ. ಪಂಪಿನ ಆಲಿಕೆಗೆ ಆ ಬುದ್ಧಿ ಇಲ್ಲ. ಅದರ ಅಗಲವಾದ ಬಾಯಿ ಚರ್ಮಕ್ಕೆ ಸುತ್ತಲೂ ಒಂದೇ ಸಮ ಕೂರಬೇಕು, ನಡುವೆ ಬಟ್ಟೆ ಸಿಕ್ಕಬಾರದು. ಹಿಂಬದಿಗೆ ಬಾಟಲಿ ಜೋಡಿಸಿರುತ್ತದೆ, ಅದು ಕುರ್ತಾದ ಹೊರಗೆ ನೇತಾಡುತ್ತಿರಬೇಕು.

ಎದೆಯ ಪಕ್ಕದ ನೆಟ್ಟನೆಯ ಜಿಪ್ಪನ್ನು ಪೂರ್ತಿ ಎಳೆದರೆ ಸಿಗುವುದು ಒಂದು ಸೀಳು. ಎರಡೂ ಅಂಚನ್ನು ಬೆರಳಿನಿಂದ ಅಗಲಿಸಿದಾಗ ಮಧ್ಯೆ ಮಾತ್ರ ಜಾಗ, ಮೇಲೆ ಕೆಳಗೆ ಕಿರಿದು. ಆರು ಇಂಚಿನ ಜಿಪ್ಪಿನಲ್ಲಿ ಆಲಿಕೆ ಒಳಹೋದರೂ ಜಿಪ್ಪಿನ ಅಂಚು ಅದನ್ನು ಒಂದು ಕಡೆಗೆ ಎಳೆಯುತ್ತಿರುತ್ತದೆ. ಆಗ ಎಲ್ಲೋ ಒಂದೆಡೆ ಗಾಳಿ ನುಸುಳಿ ‘ಸುಯ್’ ಎಂದು ಸದ್ದು ಬರುತ್ತದೆ, ಮೋಟಾರು ಓಡುತ್ತಲೇ ಇದ್ದರೂ ಸೆಳೆತ ಕಡಿಮೆಯಾಗುತ್ತದೆ, ಆಲಿಕೆಯ ಕೆಳ ಅಂಚಿನಿಂದ ಹಾಲು ತೊಟ್ಟಿಕ್ಕಿ ಜಿಪ್ಪಿನ ಬುಡದಲ್ಲಿ ಬಟ್ಟೆ ನೆನೆಯುತ್ತದೆ. ಪಂಪು ಕೆಟ್ಟಿದೆ, ಹಾಲು ಕಡಿಮೆಯಾಗಿದೆ ಎಂದು ಕೊರಗುವವರು ಒಮ್ಮೆ ಕುರ್ತಾ ತೆಗೆದು ಪಂಪ್ ಮಾಡಿ ನೋಡಬೇಕು. ಸದ್ದು ನಿಂತು ಬಾಟಲಿ ಬೇಗ ತುಂಬಿದರೆ ದೂರು ಹೇಳಬೇಕಾದದ್ದು ದರ್ಜಿಗೆ.

ಆಲಿಕೆ ನೆಟ್ಟಗೆ ಕೂರಬೇಕಾದರೆ ಜಿಪ್ ಎಂಟು ಇಂಚಾದರೂ ಬೇಕು, ಒಂಬತ್ತಿದ್ದರೆ ಇನ್ನೂ ಒಳ್ಳೆಯದು. ಉದ್ದದಷ್ಟೇ ಮುಖ್ಯವಾದದ್ದು ಅದು ಎಲ್ಲಿ ಶುರುವಾಗುತ್ತದೆ ಎಂಬುದು. ಬಾಟಲಿ ಕೆಳಕ್ಕೆ ತೂಗುವುದರಿಂದ ಮೊಲೆತೊಟ್ಟಿನ ಮಟ್ಟಕ್ಕಿಂತ ಮೇಲೆ ಮೂರು ಇಂಚು, ಕೆಳಗೆ ಐದು ಇಂಚು ಬರುವಂತೆ ಇರಬೇಕು. ಕೊಳ್ಳುವಾಗ ಕುರ್ತಾವನ್ನು ಮೈಮೇಲೆ ಹಿಡಿದು ನೋಡಿದರೆ ಇದು ತಿಳಿಯುತ್ತದೆ. ಅಂಗಡಿಯ ಹಲವು ಕುರ್ತಾಗಳಲ್ಲಿ ಜಿಪ್ ತೀರ ಮೇಲಿರುತ್ತದೆ, ಬಹುಶಃ ಗೊಂಬೆಗೆ ಹಾಕಿ ನೋಡಿದಾಗ ಅಲ್ಲೇ ಚೆಂದ ಕಂಡಿರಬೇಕು.

ಇನ್ನೊಂದು ಬಗೆ ಎರಡು ಪದರದ್ದು. ಎದೆಯ ಕೆಳಗಿನವರೆಗೆ ಇಳಿಯುವ ಸಡಿಲವಾದ ಮೇಲ್ಪದರ, ಅದರಡಿ ಎಡಬಲಕ್ಕೆ ಕಿಂಡಿ ಇರುವ ಒಳಪದರ. ಮೇಲಿನದನ್ನು ಎತ್ತಿದರೆ ಸಾಕು, ಜಿಪ್ಪಿನ ರಗಳೆ ಇಲ್ಲ. ಆಲಿಕೆಗೆ ಜಾಗ ಹೆಚ್ಚು, ಸೋರಿದರೂ ಹೊರಪದರಕ್ಕೆ ಬರಲು ಹೊತ್ತು ಬೇಕು. ಆದರೆ ಎದೆಯ ಮೇಲೆ ಎರಡು ಬಟ್ಟೆ ಎಂದರೆ ಬೆಂಗಳೂರಿನ ಏಸಿಯಲ್ಲಿ ನಡೆದೀತು, ಏಪ್ರಿಲ್ ತಿಂಗಳ ರಾಯಚೂರು ಕಲಬುರಗಿಯಲ್ಲಿ ಅದು ಶಿಕ್ಷೆ. ಒಂದರ ಮೇಲೊಂದು ಬರುವ ಅಂಗರಖಾ ಮಾದರಿಯೂ ಸಿಗುತ್ತದೆ. ನಿಂತಾಗ ಚೆಂದ, ಮೇಜಿನ ಮೇಲೆ ಬಗ್ಗಿದಾಗ ಬಾಯಿಬಿಡುತ್ತದೆ, ಒಳಗಡೆ ಒಂದು ಟಿಚ್ ಬಟನ್ ಹಾಕಿಸದೆ ಆಫೀಸಿಗೆ ಹಾಕಿಕೊಂಡು ಹೋಗುವಂತಿಲ್ಲ.

ಚಿಲಕ ಹಾಕಿಕೊಳ್ಳಬಹುದಾದ ಕೋಣೆಯೊಂದು ಸಿಗುವುದಾದರೆ ಇವೆಲ್ಲಕ್ಕಿಂತ ವಾಸಿಯಾದದ್ದು ‘ಫೀಡಿಂಗ್’ ಎಂಬ ಪಟ್ಟಿಯೇ ಇಲ್ಲದ, ಮುಂದೆ ಉದ್ದಕ್ಕೂ ಗುಂಡಿ ಇರುವ ಶರ್ಟ್ ಮಾದರಿಯ ಕುರ್ತಾ ಎಂಬುದು ನನ್ನ ಅಭಿಪ್ರಾಯ. ನಾಲ್ಕೈದು ಗುಂಡಿ ಬಿಚ್ಚಿದರೆ ಎರಡೂ ಕಡೆ ಒಟ್ಟಿಗೆ ಸಿಗುತ್ತದೆ. ಎರಡು ಆಲಿಕೆಯ ಪಂಪಿದ್ದರೆ ಹೊತ್ತು ಅರ್ಧಕ್ಕರ್ಧ ಉಳಿಯುತ್ತದೆ. ಮರೆಯಿಲ್ಲದ ಕಡೆ ಮಗುವಿಗೆ ಹಾಲು ಕೊಡಲು ಇದು ಆಗಿಬರುವುದಿಲ್ಲ, ಅಲ್ಲಿ ಪಕ್ಕದ ಜಿಪ್ಪೇ ಮೇಲು. ಎರಡು ಗುಂಡಿಗಳ ನಡುವೆ ಬಟ್ಟೆ ಬಾಯಿಬಿಡುವುದೊಂದೇ ಇದರ ದೋಷ. ಎದೆ ತುಂಬಿದ ಹೊತ್ತಿನಲ್ಲಿ ಅದು ಎದ್ದು ಕಾಣುತ್ತದೆ. ಗುಂಡಿಗಳ ನಡುವೆ ಒಳಬದಿಗೆ ಟಿಚ್ ಬಟನ್ ಹೊಲಿಸಿದರೆ ಸರಿಹೋಗುತ್ತದೆ.

ಉಡುಪಿನೊಳಗೆ ಅಡಗುವ, ಬಟ್ಟಲಿನಾಕಾರದ ಪಂಪುಗಳು ಈಚೆಗೆ ಬಂದಿವೆ. ಬ್ರಾದೊಳಗೆ ಇಟ್ಟುಕೊಂಡು ಮೇಜಿನ ಮುಂದೆ ಕೆಲಸ ಮಾಡುತ್ತಲೇ ಹಾಲು ತೆಗೆಯಬಹುದು. ಅವುಗಳಿಗೆ ಓಪನಿಂಗ್‌ಗಿಂತ ಸಡಿಲ ಮುಖ್ಯ. ಬಟ್ಟಲುಗಳು ಒಳಗೆ ಹೋದ ಮೇಲೆ ಎದೆ ಮುಂದಕ್ಕೆ ಉಬ್ಬುತ್ತದೆ, ಮೈಗೆ ಅಂಟುವ ಕುರ್ತಾದಲ್ಲಿ ಅದು ಎಲ್ಲರಿಗೂ ಗೊತ್ತಾಗುತ್ತದೆ. ಯೋಕ್‌ನಿಂದ ನೆರಿಗೆ ಬಿಟ್ಟ ಅಗಲ ಟಾಪ್ ಮೇಲೆ ದುಪಟ್ಟಾ ಹಾಕಿಕೊಂಡರೆ ಗೊತ್ತಾಗುವುದಿಲ್ಲ.

ದರ್ಜಿಯ ಮೇಜಿನ ಮೇಲೆ

ಆಫೀಸಿಗೆಂದು ಐದಾರು ಫೀಡಿಂಗ್ ಕುರ್ತಾ ಕೊಳ್ಳುವುದು ದುಡ್ಡಿನ ಕೆಲಸ. ಮಗು ಊಟ ಕಲಿತಂತೆ ಹಗಲು ಪಂಪ್ ಮಾಡುವ ಸರದಿ ಕಡಿಮೆಯಾಗುತ್ತ ಬರುತ್ತದೆ, ಒಂದು ವರ್ಷದ ಹೊತ್ತಿಗೆ ಅನೇಕರಿಗೆ ಆಫೀಸಿನಲ್ಲಿ ಅದರ ಅಗತ್ಯವೇ ಇರುವುದಿಲ್ಲ. ಆರೇಳು ತಿಂಗಳ ಮಾತಿಗೆ, ಇರುವ ಕುರ್ತಾಗಳಲ್ಲೇ ಮೂರನ್ನು ಬೀದಿಯ ಲೇಡೀಸ್ ಟೈಲರ್ ಬಳಿ ಕೊಟ್ಟು ಜಿಪ್ ಹಾಕಿಸುವುದು ಜಾಣತನ. ಆದರೆ ಎಲ್ಲ ಕುರ್ತಾಗಳೂ ಇದಕ್ಕೆ ಒಗ್ಗುವುದಿಲ್ಲ.

ಬೇಕಾದದ್ದು ಪ್ರಿನ್ಸೆಸ್ ಕಟ್ ಕುರ್ತಾ, ಅಂದರೆ ಭುಜದಿಂದಲೋ ಕಂಕುಳಿನ ಸುತ್ತಿನಿಂದಲೋ ಹೊರಟು ಎದೆಯ ಮೇಲೆ ಹಾದು ಸೊಂಟಕ್ಕೆ ಇಳಿಯುವ ಹೊಲಿಗೆ ಎರಡೂ ಬದಿಗೆ ಇರುವಂಥದ್ದು. ಆ ಹೊಲಿಗೆಯನ್ನು ಬಿಚ್ಚಿ ಅಲ್ಲೇ ಜಿಪ್ ಕೂರಿಸಿದರೆ ಬಟ್ಟೆ ಕತ್ತರಿಸುವ ಪ್ರಮೇಯವಿಲ್ಲ. ಬರೀ ಟಕ್ಸ್ ಇರುವ ಸಾದಾ ಕುರ್ತಾದಲ್ಲಿ ಬಟ್ಟೆಯನ್ನೇ ಸೀಳಬೇಕಾಗುತ್ತದೆ. ಎಷ್ಟೇ ನಾಜೂಕಾಗಿ ಹೊಲಿದರೂ ಆ ಗೆರೆ ಕಾಣುತ್ತದೆ, ಅದನ್ನು ಮರೆಸಲು ಎರಡೂ ಬದಿಗೆ ಪೈಪಿಂಗ್ ಅಥವಾ ಲೇಸು ಕೊಟ್ಟು ಅದೇ ಡಿಸೈನು ಎಂದು ತೋರಿಸಬೇಕು.

ನಮ್ಮ ಕೆಂಗೇರಿಯ ಹೆಂಗಸಿನ ಕುರ್ತಾವನ್ನೇ ತೆಗೆದುಕೊಳ್ಳೋಣ: ಹತ್ತಿಯದು, 44 ಇಂಚು ಉದ್ದ, ಭುಜದಿಂದ ಇಳಿಯುವ ಪ್ರಿನ್ಸೆಸ್ ಕಟ್. ಮೊದಲ ಕೆಲಸ ಅಳತೆ. ಬಸುರಿಯಿದ್ದಾಗ ಕೊಟ್ಟ ಅಳತೆಯೂ ಮದುವೆಗೆ ಮುಂಚಿನ ಅಳತೆಯೂ ಈಗ ಉಪಯೋಗಕ್ಕಿಲ್ಲ. ರಜೆ ಮುಗಿಯಲು ಎರಡು ಮೂರು ವಾರ ಇರುವಾಗ, ಮಗುವಿಗೆ ಹಾಲು ಕೊಡುವ ಮುಂಚೆ, ಎದೆ ತುಂಬಿರುವ ಹೊತ್ತಿನಲ್ಲಿ, ಆಫೀಸಿಗೆ ಹಾಕುವ ಬ್ರಾದ ಮೇಲೆಯೇ ಟೇಪು ಹಿಡಿಯಬೇಕು. ಅವಳ ಎದೆಸುತ್ತು 38 ಇಂಚು ಬಂತು ಎನ್ನಿ. ಕುರ್ತಾದ ಎದೆಸುತ್ತು 41ರಿಂದ 42 ಇಂಚು ಇರಬೇಕು. ಹಾಲು ತುಂಬಿದಾಗಿನ ಎದೆಸುತ್ತಿಗೂ ಬರಿದಾದಾಗಿನದಕ್ಕೂ ವ್ಯತ್ಯಾಸ ಇರುವುದರಿಂದ ಈ ಮೂರು ನಾಲ್ಕು ಇಂಚಿನ ಸಡಿಲ ಬಿಡಲೇಬೇಕು. ಕುರ್ತಾ 40 ಇದ್ದರೆ ಪಕ್ಕದ ಹೊಲಿಗೆಯಲ್ಲಿ ಬಿಚ್ಚಿ ಹಿಗ್ಗಿಸಲು ಬರುತ್ತದೆಯೇ ಎಂದು ಮೊದಲೇ ನೋಡಬೇಕು.

ಮುಂದಿನದು ಭುಜದಿಂದ ಮೊಲೆತೊಟ್ಟಿನವರೆಗಿನ ಅಳತೆ. ಅವಳಿಗೆ ಹತ್ತೂವರೆ ಇಂಚು. ಮೇಲಕ್ಕೆ ಮೂರು, ಕೆಳಕ್ಕೆ ಐದು ಎಂಬ ಲೆಕ್ಕದಲ್ಲಿ ಎಂಟಿಂಚಿನ ಜಿಪ್ ಭುಜದಿಂದ ಏಳೂವರೆ ಇಂಚಿಗೆ ಶುರುವಾಗಿ ಹದಿನೈದೂವರೆಗೆ ಮುಗಿಯುತ್ತದೆ. ಇಲ್ಲಿ ಬ್ರಾದ ವಿಚಾರ ಮರೆಯುವಂತಿಲ್ಲ. ಫೀಡಿಂಗ್ ಬ್ರಾಗೆ ಕಪ್ಪಿನ ನೆತ್ತಿಯಲ್ಲಿ ಕ್ಲಿಪ್ ಇರುತ್ತದೆ. ಜಿಪ್ ತೆರೆದು ಒಳಗೆ ಹಾಕಿದ ಬೆರಳು ಆ ಕ್ಲಿಪ್ಪನ್ನು ಮುಟ್ಟದಿದ್ದರೆ ಜಿಪ್ ಎಷ್ಟು ಚೆಂದವಿದ್ದರೇನು! ಜಿಪ್ ಹಾಕಿಸುವ ಮುಂಚೆಯೇ ಬ್ರಾ ತೊಟ್ಟು, ಕುರ್ತಾದ ಮೇಲೆ ಕ್ಲಿಪ್ಪಿನ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಮಾಡಿಕೊಂಡು ಹೋಗುವುದು ಕ್ಷೇಮ.

ಇನ್ನು ಟೈಲರ್ ಕೆಲಸ. ಕನ್ಸೀಲ್ಡ್ ಜಿಪ್ ಬೇಕು, ಹಲ್ಲು ಒಳಮುಖವಾಗಿದ್ದು ಹೊರಗೆ ಬರೀ ಹೊಲಿಗೆಯಂತೆ ಕಾಣುವಂಥದ್ದು. ಹೊಲಿಗೆ ಬಿಚ್ಚಿ ನೋಡಿದ ಟೈಲರ್ ಮೊದಲು ಹೇಳುವ ಮಾತು ಬಹುಮಟ್ಟಿಗೆ ಒಂದೇ: “ಮೇಡಂ, ಇದ್ರಲ್ಲಿ ಮಾರ್ಜಿನ್ನೇ ಇಲ್ವಲ್ಲ.” ರೆಡಿಮೇಡ್ ಕುರ್ತಾಗಳಲ್ಲಿ ಒಳಗೆ ಬಿಟ್ಟ ಬಟ್ಟೆ ಅರ್ಧ ಇಂಚೂ ಇರುವುದಿಲ್ಲ, ಅದನ್ನೂ ಓವರ್‌ಲಾಕ್ ಹೊಡೆದು ಚಿಕ್ಕದು ಮಾಡಿರುತ್ತಾರೆ. ಜಿಪ್ಪಿನ ಪಟ್ಟಿ ಕೂರಲು ಅಷ್ಟು ಸಾಲದು. ಎರಡೂ ಅಂಚಿಗೆ ಒಂದಿಂಚಿನ ತೆಳು ಹತ್ತಿ ಪಟ್ಟಿ ಜೋಡಿಸಿ ಅದರ ಮೇಲೆ ಜಿಪ್ ಹೊಲಿಯಬೇಕು. ಈ ಹೆಚ್ಚಿನ ಕೆಲಸ ತಪ್ಪಿಸಲು ಜಿಪ್ಪನ್ನು ಇರುವ ಬಟ್ಟೆಗೇ ಎಳೆದು ಹೊಲಿದರೆ ಎದೆಸುತ್ತು ಎರಡೂ ಬದಿಯಿಂದ ಕಡಿಮೆಯಾಗುತ್ತದೆ. ಮನೆಗೆ ತಂದು ಹಾಕಿಕೊಂಡಾಗಲೇ ಅದು ಗೊತ್ತಾಗುವುದು.

ಎದೆಯ ಉಬ್ಬಿನ ಮೇಲೆ ಜಿಪ್ ಅಲೆಅಲೆಯಾಗುವುದು ಇನ್ನೊಂದು ತಾಪತ್ರಯ. ಜಿಪ್ ನೆಟ್ಟಗಿರಲು ಬಯಸುತ್ತದೆ, ಹೊಲಿಗೆ ಡೊಂಕಿರುತ್ತದೆ. ಕಂಕುಳಿನಿಂದ ಹೊರಡುವ ಪ್ರಿನ್ಸೆಸ್ ಕಟ್‌ನಲ್ಲಿ ಈ ಡೊಂಕು ಹೆಚ್ಚು, ಭುಜದಿಂದ ಬರುವುದರಲ್ಲಿ ಕಡಿಮೆ. ಜಿಪ್ ಹಾಕಿಸಲು ಎರಡನೆಯದನ್ನೇ ಆರಿಸುವುದು ಇದಕ್ಕೆ. ಹೊಲಿಯುವ ಮುಂಚೆ ಬಟ್ಟೆಯ ಅಂಚಿಗೆ ತೆಳುವಾದ ಪೇಸ್ಟಿಂಗ್ ಪಟ್ಟಿಯನ್ನು ಇಸ್ತ್ರಿಯಿಂದ ಅಂಟಿಸಿದರೆ ಬಟ್ಟೆ ಹಿಗ್ಗುವುದಿಲ್ಲ, ಜಿಪ್ ಮಟ್ಟಸವಾಗಿ ಕೂರುತ್ತದೆ. ಪೇಸ್ಟಿಂಗ್ ದಪ್ಪವಾದರೆ ಮಾತ್ರ ಎದೆಯ ಮೇಲೆ ಎರಡು ರಟ್ಟು ಇಟ್ಟಂತಾಗುತ್ತದೆ.

ಟೈಲರ್‌ಗೆ ಬಾಯಿಬಿಟ್ಟು ಹೇಳಬೇಕಾದ ಇನ್ನೆರಡು ಮಾತಿವೆ. ಜಿಪ್ಪಿನ ಹಿಂದೆ ಒಳಗಡೆ ಒಂದೂವರೆ ಇಂಚಿನ ಮೆತ್ತನೆಯ ಹತ್ತಿ ಪಟ್ಟಿ ಒಂದು ಬದಿಗೆ ಹೊಲಿದು ಬಿಡಬೇಕು. ಅದಿಲ್ಲದಿದ್ದರೆ ದಿನವಿಡೀ ರನ್ನರ್ ಚರ್ಮಕ್ಕೆ ಉಜ್ಜುತ್ತದೆ, ಅವಸರದಲ್ಲಿ ಮುಚ್ಚುವಾಗ ಬ್ರಾದ ಲೇಸು ಜಿಪ್ಪಿಗೆ ಸಿಕ್ಕಿಬೀಳುತ್ತದೆ. ಇನ್ನೊಂದು, ಜಿಪ್ಪನ್ನು ತಲೆಕೆಳಗಾಗಿ ಹಾಕುವುದು, ಅಂದರೆ ಮುಚ್ಚಿದಾಗ ರನ್ನರ್ ಕೆಳತುದಿಯಲ್ಲಿರುವಂತೆ. ಮಾಮೂಲಿನಂತೆ ಹಾಕಿದ ಜಿಪ್, ನಾಲ್ಕಾರು ಸಲ ಒಗೆದು ಸಡಿಲವಾದ ಮೇಲೆ, ನಡೆಯುವಾಗ ತಾನೇ ಕೆಳಗೆ ಜಾರಿ ತೆರೆದುಕೊಳ್ಳಬಹುದು. ತಲೆಕೆಳಗಾದ ಜಿಪ್ಪಿನ ರನ್ನರ್ ಮುಚ್ಚಿದ ಕಡೆಯಲ್ಲೇ ಇರುತ್ತದೆ, ಹೊಟ್ಟೆಯ ಮಟ್ಟದ ಮಡಿಕೆಯಲ್ಲಿ ಅಡಗಿರುತ್ತದೆ ಕೂಡ.

ಒದ್ದೆ ಗುರುತು

ಹಾಲು ಸೋರಲು ಎದೆ ತುಂಬಲೇಬೇಕೆಂದಿಲ್ಲ. ಮಗುವಿನ ಅಳು ಕೇಳಿದರೆ, ಫೋನಿನಲ್ಲಿ ಅದರ ಫೋಟೊ ನೋಡಿದರೆ, ಮೆಟ್ರೊದಲ್ಲಿ ಇನ್ಯಾರದೋ ಕೂಸು ಕೊಸರಾಡಿದರೂ ಸಾಕು, ಆಕ್ಸಿಟೋಸಿನ್ ಎಂಬ ಹಾರ್ಮೋನು ಹಾಲನ್ನು ಮುಂದೆ ತಳ್ಳುತ್ತದೆ. ಮೀಟಿಂಗಿನ ನಡುವೆ ಎದೆ ಜುಮ್ಮೆಂದರೆ ಅದೇ ಸೂಚನೆ. ಆಗ ಕೈಕಟ್ಟಿ ಕೂತವರಂತೆ ಮುಂದೋಳುಗಳಿಂದ ಎದೆಯನ್ನು ಅರೆನಿಮಿಷ ಒತ್ತಿ ಹಿಡಿದರೆ ಹರಿವು ನಿಲ್ಲುತ್ತದೆ, ಅನುಭವಸ್ಥರಿಗೆ ಗೊತ್ತಿರುವ ಉಪಾಯ ಇದು.

ಉಳಿದದ್ದನ್ನು ಪ್ಯಾಡು ಮತ್ತು ಬಟ್ಟೆ ನೋಡಿಕೊಳ್ಳಬೇಕು. ಹಳೇ ಪಂಚೆಯ ಮೆತ್ತನೆ ಬಟ್ಟೆಯನ್ನು ನಾಲ್ಕೂವರೆ ಇಂಚಿನ ಸುತ್ತಾಗಿ ಕತ್ತರಿಸಿ, ನಾಲ್ಕೈದು ಪದರ ಸೇರಿಸಿ ಅಂಚು ಹೊಲಿದರೆ ಪ್ಯಾಡು ಆಯಿತು. ಒದ್ದೆಯಾದುದನ್ನು ಹಾಗೇ ಬಿಟ್ಟುಕೊಂಡರೆ ತೊಟ್ಟು ನೆನೆದು ಉರಿಯಾಗುತ್ತದೆ, ಹಾಲು ತೆಗೆದಾಗೆಲ್ಲ ಬದಲಿಸುವಷ್ಟು ಜೋಡಿ ಬ್ಯಾಗಿನಲ್ಲಿರಬೇಕು.

ಒದ್ದೆ ಅತಿ ಹೆಚ್ಚು ಎದ್ದು ಕಾಣುವುದು ಬೂದು, ತಿಳಿನೀಲಿ, ತಿಳಿಗುಲಾಬಿಯಂಥ ಒಂದೇ ಬಣ್ಣದ ಬಟ್ಟೆಗಳಲ್ಲಿ. ಕಪ್ಪು, ಕಡುನೀಲಿಯಲ್ಲಿ ಒದ್ದೆ ಕಾಣುವುದಿಲ್ಲ, ಆದರೆ ಒಣಗಿದ ಮೇಲೆ ಬೆಳ್ಳನೆಯ ಉಂಗುರ ಉಳಿಯುತ್ತದೆ. ಇವೆರಡಕ್ಕೂ ಸಿಗದೆ ಪಾರಾಗುವುದು ಒತ್ತೊತ್ತಾಗಿ ಸಣ್ಣ ಹೂವಿನ ಅಚ್ಚು ಇರುವ ಹತ್ತಿ ಬಟ್ಟೆ. ರೇಯಾನ್ ಮೈಗೆ ಹಿತವಾಗಿರುತ್ತದೆ, ಫೀಡಿಂಗ್ ಕುರ್ತಾಗಳಲ್ಲಿ ಅದೇ ಹೆಚ್ಚು ಸಿಗುವುದೂ ಉಂಟು. ಆದರೆ ನೆನೆದಾಗ ಅದರ ಎಳೆ ದುರ್ಬಲವಾಗುತ್ತದೆ, ಜಿಪ್ಪಿನ ತುದಿಯಲ್ಲಿ ಹೊಲಿಗೆ ಪಿಸಿಯುವುದು ಅದರಲ್ಲೇ ಮೊದಲು. ರೇಷ್ಮೆಯ ಮೇಲೆ ನೀರಿನ ಹನಿಯೇ ಕಲೆಯಾಗುತ್ತದೆ, ಹಾಲಿನ ಮಾತು ಬೇಡ.

ಹಾಲಿನ ಕಲೆಯನ್ನು ಬಿಸಿನೀರಿಗೆ ಹಾಕುವುದು ಎಲ್ಲರೂ ಮಾಡುವ ಕೆಲಸ, ಮಾಡಬಾರದ ಕೆಲಸವೂ ಅದೇ. ಹಾಲಿನ ಪ್ರೋಟೀನು ಬಿಸಿಗೆ ಗಟ್ಟಿಯಾಗಿ ಎಳೆಗೆ ಕಚ್ಚಿಕೊಳ್ಳುತ್ತದೆ. ಮೊದಲು ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಸಿ ಉಜ್ಜಿ, ಆಮೇಲೆ ಸೋಪು. ಬೇರೆ ಬಣ್ಣದ್ದಾದರೂ ಚಿಂತೆಯಿಲ್ಲ, ಇನ್ನೊಂದು ಟಾಪ್ ಆಫೀಸಿನ ಡ್ರಾಯರಿನಲ್ಲಿ ಮಡಿಸಿಟ್ಟಿರಲಿ.

ಬಿಗಿಯ ಲೆಕ್ಕ

ಹಳೇ ಕುರ್ತಾ ಹೇಗೋ ತೂರುತ್ತದೆ ಎಂದು ಹಾಕಿಕೊಂಡು ಹೋಗುವುದರಿಂದ ಆಗುವ ಕೇಡು ಬರೀ ನೋಟದ್ದಲ್ಲ. ಕಂಕುಳಿನ ಬಳಿಯಲ್ಲೋ ಜಿಪ್ಪಿನ ಗೆರೆಯುದ್ದಕ್ಕೋ ಬಟ್ಟೆ ಹಗಲೆಲ್ಲ ಒಂದೇ ಕಡೆ ಒತ್ತುತ್ತಿದ್ದರೆ ಅಲ್ಲಿ ಹಾಲು ಸರಿಯಾಗಿ ಹರಿಯದೆ ಕಟ್ಟಿಕೊಳ್ಳಬಹುದು. ತಂತಿ ಇರುವ ಬ್ರಾ, ಎದೆಗೆ ಅಡ್ಡವಾಗಿ ಬರುವ ಲ್ಯಾಪ್‌ಟಾಪ್ ಬ್ಯಾಗಿನ ಪಟ್ಟಿ ಕೂಡ ಇದೇ ಕೆಲಸ ಮಾಡುತ್ತವೆ.

ಸಂಜೆ ಬಟ್ಟೆ ಬಿಚ್ಚಿದಾಗ ಕನ್ನಡಿಯ ಮುಂದೆ ನಿಂತರೆ ತಿಳಿಯುತ್ತದೆ. ಹೊಲಿಗೆಯ ಗೆರೆ ಚರ್ಮದ ಮೇಲೆ ಕೆಂಪಾಗಿ ಮೂಡಿ, ಅರ್ಧ ಗಂಟೆಯಾದರೂ ಮಾಸದಿದ್ದರೆ ಆ ಕುರ್ತಾ ಬಿಗಿ. ಎದೆಯ ಒಂದು ಕಡೆ ಮುಟ್ಟಿದರೆ ನೋಯುವ ಗಂಟು ಸಿಕ್ಕರೆ ಸಡಿಲ ಬಟ್ಟೆ ಹಾಕಿ, ತಣ್ಣನೆಯ ಬಟ್ಟೆ ಇಟ್ಟುಕೊಂಡು, ಮಗುವಿಗೆ ಎಂದಿನಂತೆ ಕುಡಿಸುತ್ತ ಒಂದು ದಿನ ನೋಡಬಹುದು. ಗಂಟಿನ ಮೇಲೆ ಚರ್ಮ ಕೆಂಪಾಗಿ ಚಳಿಜ್ವರ ಬಂತೆಂದರೆ ಅದು ಎದೆಬಾವು, ಡಾಕ್ಟರ ಬಳಿ ಅಂದೇ ಹೋಗಬೇಕು.

ಭಾನುವಾರದ ತಾಲೀಮು

ಕೆಲಸಕ್ಕೆ ಮರಳುವ ಹಿಂದಿನ ಭಾನುವಾರ ಆಫೀಸಿನ ಉಡುಪನ್ನು ಪೂರ್ತಿ ತೊಟ್ಟು, ಐಡಿ ಕಾರ್ಡಿನ ಟ್ಯಾಗ್ ಕೊರಳಿಗೆ ಹಾಕಿಕೊಂಡು, ಊಟದ ಮೇಜಿನ ಕುರ್ಚಿಯಲ್ಲಿ ಕೂತು ಒಮ್ಮೆ ಪಂಪ್ ಮಾಡಿ ನೋಡುವುದು ಅತ್ತೆಗೆ ನಗು ತರಿಸಿದರೂ ನಷ್ಟವಿಲ್ಲ. ಟ್ಯಾಗು ಆಲಿಕೆಗೆ ಬಡಿಯುತ್ತದೆ, ಉದ್ದನೆಯ ತಾಳಿ ಸರ ಜಿಪ್ಪಿಗೆ ಸಿಕ್ಕಿಕೊಳ್ಳುತ್ತದೆ, ಕೂತಾಗ ಕುರ್ತಾ ಮೇಲೇರಿ ಜಿಪ್ಪಿನ ಕೆಳತುದಿ ಹೊರಕ್ಕೆ ಉಬ್ಬುತ್ತದೆ. ಇವು ನಿಂತು ನೋಡಿದಾಗ ತಿಳಿಯುವಂಥವಲ್ಲ. ಎಡಗೈಯೊಂದರಿಂದಲೇ ಜಿಪ್ಪನ್ನೂ ಕ್ಲಿಪ್ಪನ್ನೂ ತೆಗೆಯಲು ಬರಬೇಕು, ಇನ್ನೊಂದು ಕೈಯಲ್ಲಿ ಬಾಟಲಿ ಇರುತ್ತದೆ. ಟೈಪ್ ಮಾಡುವವರಂತೆ ಕೈ ಮುಂದೆ ಚಾಚಿದಾಗ ಜಿಪ್ ಬಾಯಿಬಿಡುತ್ತದೆಯೇ ಎಂದು ಮನೆಯವರು ಪಕ್ಕದಿಂದ ಒಂದು ಫೋಟೊ ತೆಗೆದು ತೋರಿಸಲಿ. ಸರಿಯಿಲ್ಲದಿದ್ದರೆ ಟೈಲರ್ ಅಂಗಡಿಗೆ ಮತ್ತೆ ಹೋಗಲು ಸಮಯವಿರಬೇಕು ಎನ್ನುವುದಾದರೆ ಈ ತಾಲೀಮನ್ನು ಅದಕ್ಕೂ ಒಂದು ವಾರ ಮುಂಚೆ ಇಟ್ಟುಕೊಳ್ಳುವುದೇ ಲೇಸು.

ಮಗು ಹಾಲು ಬಿಟ್ಟ ಮೇಲೆ ಈ ಕುರ್ತಾಗಳ ಗತಿ? ಹೊಲಿಗೆಯ ಸಾಲಿನಲ್ಲಿ ಹಾಕಿದ ಜಿಪ್ಪನ್ನು ಬಿಚ್ಚಿ, ಅದೇ ಗೆರೆಯಲ್ಲಿ ಮತ್ತೆ ಹೊಲಿದರೆ ಕುರ್ತಾ ಮೊದಲಿನಂತಾಗುತ್ತದೆ. ಹತ್ತಿಯಾದರೆ ಸೂಜಿಯ ತೂತುಗಳು ಎರಡು ಸಲ ಒಗೆದಾಗ ಮುಚ್ಚಿಕೊಳ್ಳುತ್ತವೆ, ರೇಷ್ಮೆ ಮತ್ತು ಕ್ರೇಪಿನಲ್ಲಿ ಚುಕ್ಕಿಸಾಲಾಗಿ ಉಳಿಯುತ್ತವೆ. ಹಿಗ್ಗಿಸಿದ ಪಕ್ಕದ ಹೊಲಿಗೆಯನ್ನು ಒಳಗೆ ತೆಗೆದುಕೊಳ್ಳಲು ಮಾತ್ರ ಅವಸರ ಬೇಡ, ಎದೆಸುತ್ತು ಒಂದು ಅಳತೆಗೆ ಬಂದು ನಿಲ್ಲಲು ಹಾಲು ನಿಂತ ಮೇಲೂ ಕೆಲವು ತಿಂಗಳು ಬೇಕಾಗುತ್ತದೆ. ಬಿಚ್ಚಿದ ಜಿಪ್ಪುಗಳನ್ನು ಟೈಲರ್ ಬಳಿಯೇ ಬಿಡದೆ ಕೇಳಿ ತಂದಿಟ್ಟುಕೊಳ್ಳಿ, ತಂಗಿಗೋ ನಾದಿನಿಗೋ ಆಗುತ್ತವೆ.